ಪುಲ್ ರಿಕ್ವೆಸ್ಟ್ ಮೂಲಕ ಪರಿಚಯ

ಇಪ್ಪತ್ತು ವರ್ಷ ಸಾಫ್ಟ್‌ವೇರ್ ಬರೆದವರ ಪರಿಚಯ ಮಾಡಿಕೊಳ್ಳುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳುತ್ತಲೇ ಇರುತ್ತಾರೆ. ಹಲವರು ಈಗಾಗಲೇ ಒಂದು ದಾರಿ ಹಿಡಿದಿರುತ್ತಾರೆ. ದೊಡ್ಡ ಹೆಸರಿನವರಿಗೆ ಸಂದೇಶ ಕಳಿಸಿ, ಉತ್ತರ ಬಾರದೆ ಬೇಸರಪಟ್ಟಿರುತ್ತಾರೆ. ಅಪರಿಚಿತರ ಸಂದೇಶ ಬಂದರೆ ಅದಕ್ಕೆ ಏನು ಹೇಳಬೇಕೆಂದು ಆ ಹಿರಿಯರಿಗೂ ತೋಚುವುದಿಲ್ಲ, ಏಕೆಂದರೆ ಇಬ್ಬರ ನಡುವೆ ಮಾತಾಡಲು ವಿಷಯವೇ ಇಲ್ಲ. ಓಪನ್ ಸೋರ್ಸ್ ಯೋಜನೆಯಲ್ಲಿ ಆ ವಿಷಯ ಮೊದಲೇ ಇರುತ್ತದೆ. ನೀವು ಬದಲಿಸಿದ ನಾಲ್ಕು ಸಾಲುಗಳನ್ನು ಅವರು ಓದಬೇಕು, ಒಪ್ಪಬೇಕು ಇಲ್ಲವೇ ತಿದ್ದಬೇಕು. ಅದನ್ನೇ ರಿವ್ಯೂ ಎನ್ನುತ್ತೇವೆ. ಪರಿಚಯ ಆಗುವುದು ಅಲ್ಲಿ.

ಗಿಟ್ ಬಳಕೆ ನಿಮಗೆ ತಕ್ಕಮಟ್ಟಿಗೆ ಗೊತ್ತು, ಫೋರ್ಕ್ ಮಾಡಿ ಬ್ರಾಂಚ್ ತೆಗೆಯಲು ಬರುತ್ತದೆ ಎಂದುಕೊಂಡು ಮುಂದೆ ಹೋಗುತ್ತೇನೆ. ಉದಾಹರಣೆಗೆ ಪೈಥಾನ್ ಭಾಷೆಯನ್ನೇ ತೆಗೆದುಕೊಳ್ಳೋಣ. ಅದರ ಮೂಲ ಕೋಡ್ 2017ರ ಫೆಬ್ರುವರಿಯಲ್ಲಿ ಗಿಟ್‌ಹಬ್‌ಗೆ ಬಂತು, `python/cpython` ಎಂಬ ಹೆಸರಿನಲ್ಲಿದೆ. ದೋಷಗಳ ಪಟ್ಟಿ 2022ರಲ್ಲಿ ಅದೇ ಜಾಗಕ್ಕೆ ಬಂತು.

ಮೊದಲ ಕೆಲಸ, ಇಡೀ ಯೋಜನೆಯನ್ನು ಬಿಟ್ಟು ಒಂದೇ ಒಂದು ಮಾಡ್ಯೂಲ್ ಆರಿಸಿಕೊಳ್ಳುವುದು. ಪೈಥಾನ್‌ನಲ್ಲಿ ನೂರಾರು ಮಾಡ್ಯೂಲ್‌ಗಳಿವೆ, ಒಂದೊಂದನ್ನೂ ನೋಡಿಕೊಳ್ಳುವವರು ಕೆಲವರೇ. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ಕೈಹಾಕಿದರೆ ಪ್ರತಿ ಸಲವೂ ಬೇರೆ ಬೇರೆಯವರ ಕಣ್ಣಿಗೆ ಬೀಳುತ್ತೀರಿ, ಯಾರಿಗೂ ನಿಮ್ಮ ನೆನಪು ಉಳಿಯುವುದಿಲ್ಲ. ಆರು ತಿಂಗಳು ಒಂದೇ ಕಡೆ ಇದ್ದರೆ ಅದೇ ಇಬ್ಬರು ಮೂವರು ನಿಮ್ಮ ಕೆಲಸವನ್ನು ಮತ್ತೆ ಮತ್ತೆ ಓದುತ್ತಾರೆ.

ನಾನು ಇಲ್ಲಿ `textwrap` ಎಂಬ ಚಿಕ್ಕ ಮಾಡ್ಯೂಲ್ ಆರಿಸುತ್ತೇನೆ. ಉದ್ದದ ಪಠ್ಯವನ್ನು ನಿಗದಿತ ಅಗಲದ ಸಾಲುಗಳಾಗಿ ಮುರಿದುಕೊಡುವುದು ಅದರ ಕೆಲಸ. ಒಂದೇ ಕಡತ, ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಕನ್ನಡಿಗರಿಗೆ ಅಲ್ಲಿ ತಟ್ಟನೆ ಕಾಣುವ ಒಂದು ಸಂಗತಿಯೂ ಇದೆ:

```
>>> import textwrap
>>> len("ಕನ್ನಡ")
5
>>> textwrap.wrap("ಕನ್ನಡ", width=3)
['ಕನ್', 'ನಡ']
```

ನಮ್ಮ ಕಣ್ಣಿಗೆ ಈ ಪದದಲ್ಲಿರುವುದು ಮೂರು ಅಕ್ಷರ: ಕ, ನ್ನ, ಡ. ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಅದರ ಲೆಕ್ಕದಲ್ಲಿ ಕ, ನ, ಹಲಂತ ಚಿಹ್ನೆ, ನ, ಡ ಎಂದು ಐದು. ಹಾಗಾಗಿ ಅಗಲ ಮೂರು ಎಂದರೆ ಮೂರನೆಯ ಸಂಕೇತದ ಬಳಿಕ ಕತ್ತರಿಸುತ್ತದೆ, ಒತ್ತಕ್ಷರ ನಡುವೆಯೇ ಒಡೆಯುತ್ತದೆ.

ಇದನ್ನು ಕಂಡ ಕೂಡಲೇ ಕೋಡ್ ತಿದ್ದಿ ಕಳಿಸಿಬಿಡಬೇಕು ಎನಿಸುತ್ತದೆ. ಸ್ವಲ್ಪ ತಡೆಯಿರಿ. ಓದುಗರ ಕಣ್ಣಿಗೆ ಒಂದು ಅಕ್ಷರ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಯೂನಿಕೋಡ್ ಸಂಸ್ಥೆ ಪ್ರತ್ಯೇಕ ನಿಯಮಾವಳಿಯನ್ನೇ ಮಾಡಿದೆ. ಅದನ್ನು `textwrap` ಒಳಗೆ ತರುವುದೆಂದರೆ ವೇಗ, ಹಳೆಯ ಪ್ರೋಗ್ರಾಂಗಳ ಫಲಿತಾಂಶ, ಬೇರೆ ಲಿಪಿಗಳ ನಡವಳಿಕೆ ಎಲ್ಲವನ್ನೂ ಒಟ್ಟಿಗೆ ಯೋಚಿಸಬೇಕು. ಮೊದಲ ಸಲ ಬಂದವರು ಅಷ್ಟು ದೊಡ್ಡ ಬದಲಾವಣೆ ಕಳಿಸಿದರೆ ಓದಲು ಯಾರಿಗೂ ಧೈರ್ಯ ಬರುವುದಿಲ್ಲ, ಅದು ಹಾಗೇ ಕೂತಿರುತ್ತದೆ. ಅದೇ ಸಮಸ್ಯೆಯ ಚಿಕ್ಕ ತುಂಡೊಂದನ್ನು ಎತ್ತಿಕೊಳ್ಳಬಹುದು. ಅಗಲವನ್ನು ಎಣಿಸುವುದು ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಎಂದು ದಾಖಲೆಯಲ್ಲಿ ಒಂದು ವಾಕ್ಯ ಸೇರಿಸುವುದು ಅಂಥದ್ದು. ಇದರಿಂದ ಯಾರ ಪ್ರೋಗ್ರಾಂ ಕೂಡ ಕೆಡುವುದಿಲ್ಲ, ಓದಲು ಐದು ನಿಮಿಷ ಸಾಕು. (ಇದೇ ಉದಾಹರಣೆಯನ್ನು ನಕಲು ಮಾಡಿ ಕಳಿಸಬೇಡಿ. ನಿಮ್ಮ ಮಾಡ್ಯೂಲ್‌ನಲ್ಲಿ ನೀವೇ ಕಂಡುಕೊಂಡದ್ದನ್ನು ಕಳಿಸಿ.)

ಬರೆಯುವ ಮೊದಲು ಹಳೆಯ ಇಶ್ಯೂಗಳನ್ನು ಹುಡುಕಿ, ಮುಚ್ಚಿದವುಗಳನ್ನೂ ಬಿಡಬೇಡಿ. ಅಕ್ಷರದ ಅಗಲದ ಪ್ರಶ್ನೆಯನ್ನು ಚೀನೀ, ಜಪಾನೀ ಲಿಪಿಗಳ ಸಂದರ್ಭದಲ್ಲಿ ಬಹಳ ಹಿಂದೆಯೇ ಎತ್ತಿದ್ದಾರೆ. ಆ ಚರ್ಚೆ ಓದಿದರೆ ಯಾರು ಏನು ಆಕ್ಷೇಪಿಸಿದ್ದರು, ಏಕೆ ಆಕ್ಷೇಪಿಸಿದ್ದರು ಎಂದು ತಿಳಿಯುತ್ತದೆ. ಅದರ ಜೊತೆಗೆ ಈ ಆಜ್ಞೆಯನ್ನೂ ಕೊಡಿ:

```
git log --oneline -- Lib/textwrap.py
```

ಈ ಕಡತವನ್ನು ಯಾವ ಯಾವ ಕಾರಣಕ್ಕೆ ಮುಟ್ಟಿದ್ದಾರೆ ಎಂಬ ಪಟ್ಟಿ ಬರುತ್ತದೆ, `--oneline` ತೆಗೆದರೆ ಮುಟ್ಟಿದವರ ಹೆಸರೂ ದಿನಾಂಕವೂ ಕಾಣುತ್ತವೆ. ಕಡತದ ತಲೆಯಲ್ಲಿ ಗ್ರೆಗ್ ವಾರ್ಡ್ ಅವರ ಹೆಸರಿದೆ, ಇದನ್ನು ಮೊದಲು ಬರೆದವರು ಅವರು. ಆದರೆ ನಿಮಗೆ ಬೇಕಾದವರು ಕಳೆದ ಎರಡು ಮೂರು ವರ್ಷಗಳಲ್ಲಿ ಇಲ್ಲಿ ಕೆಲಸ ಮಾಡಿದವರು, ಇವತ್ತು ರಿವ್ಯೂ ಮಾಡುವವರು ಅವರೇ. ಅವರು ಬೇರೆಯವರ ಬದಲಾವಣೆಗಳಿಗೆ ಬರೆದ ಟಿಪ್ಪಣಿಗಳನ್ನು ಹತ್ತು ಹದಿನೈದು ಓದಿ. ಒಬ್ಬರು ಸದಾ ಟೆಸ್ಟ್ ಎಲ್ಲಿ ಎಂದು ಕೇಳುತ್ತಿರುತ್ತಾರೆ, ಇನ್ನೊಬ್ಬರು ಪದಬಳಕೆ ತಿದ್ದುತ್ತಿರುತ್ತಾರೆ. ಮುಖಾಮುಖಿ ಆಗುವ ಮೊದಲೇ ಅವರ ಯೋಚನೆಯ ರೀತಿ ನಿಮಗೆ ಅರ್ಧ ಗೊತ್ತಾಗಿರುತ್ತದೆ.

ಈಗ ಬದಲಾವಣೆ. `Doc/library/textwrap.rst` ಕಡತ ತೆರೆದು, ಅಗಲದ ವಿವರಣೆ ಇರುವ ಕಡೆ ವಾಕ್ಯ ಸೇರಿಸಿ. `make -C Doc venv html` ಕೊಟ್ಟು ಪುಟ ಸರಿಯಾಗಿ ಮೂಡುತ್ತದೆಯೇ ನೋಡಿ. ಕೋಡನ್ನೇ ಮುಟ್ಟಿದ್ದರೆ ಪೈಥಾನನ್ನು ಬಿಲ್ಡ್ ಮಾಡಿ `./python -m test test_textwrap` ಓಡಿಸಬೇಕಿತ್ತು. ಪುಲ್ ರಿಕ್ವೆಸ್ಟ್ ಶೀರ್ಷಿಕೆ `gh-` ಎಂದು ಶುರುವಾಗಿ ಇಶ್ಯೂ ಸಂಖ್ಯೆಯನ್ನು ಹೊತ್ತಿರಬೇಕು. ಮೊದಲ ಸಲ ಬಂದವರಿಗೆ ಒಪ್ಪಂದ ಪತ್ರಕ್ಕೆ ಸಹಿ ಹಾಕಿ ಎಂದು ಒಂದು ಬಾಟ್ ಕೇಳುತ್ತದೆ. ಅದನ್ನು ಮಾಡದೆ ಬಿಟ್ಟರೆ ಮುಂದೇನೂ ನಡೆಯುವುದಿಲ್ಲ. ವಿವರಣೆಯಲ್ಲಿ ಮೇಲಿನ ಮೂರು ಸಾಲಿನ ಪ್ರಯೋಗ ಹಾಕಿ, ಏನು ಬದಲಿಸಿದ್ದೀರಿ, ಏನನ್ನು ಬೇಕೆಂದೇ ಬದಲಿಸಿಲ್ಲ ಎಂದು ಎರಡು ವಾಕ್ಯ ಬರೆಯಿರಿ. ಆ ಎರಡನೆಯ ವಾಕ್ಯವನ್ನು ಹೊಸಬರು ಬರೆಯುವುದೇ ಇಲ್ಲ. ದೊಡ್ಡ ಸಮಸ್ಯೆಯೂ ಕಣ್ಣಿಗೆ ಬಿದ್ದಿದೆ, ಆದರೂ ಅಳತೆ ಅರಿತು ಕೆಲಸ ಎತ್ತಿಕೊಂಡಿದ್ದೀರಿ ಎಂದು ಅನುಭವಿಗಳಿಗೆ ಅದರಿಂದಲೇ ಗೊತ್ತಾಗುತ್ತದೆ.

ಇನ್ನು ಕಾಯುವುದು. ಪೈಥಾನ್‌ನಲ್ಲಿ ಸಾವಿರಕ್ಕೂ ಹೆಚ್ಚು ಪುಲ್ ರಿಕ್ವೆಸ್ಟ್‌ಗಳು ಸದಾ ಸಾಲಿನಲ್ಲಿರುತ್ತವೆ, ರಿವ್ಯೂ ಮಾಡುವವರಲ್ಲಿ ಬಹಳ ಮಂದಿ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುವವರು. ನಿಮ್ಮದರ ಮೇಲೆ `awaiting review` ಎಂಬ ಲೇಬಲ್ ಇರುತ್ತದೆ. ವಾರದೊಳಗೆ ಉತ್ತರ ಬರಬಹುದು, ತಿಂಗಳೂ ಆಗಬಹುದು. ಮರುದಿನವೇ ದಯವಿಟ್ಟು ಮರ್ಜ್ ಮಾಡಿ ಸರ್ ಎಂದು ಬರೆದರೆ ಸಾಲು ಮುಂದೆ ಸರಿಯುವುದಿಲ್ಲ. ಸರ್, ಮೇಡಂ ಎನ್ನುವುದೂ ಅಲ್ಲಿ ರೂಢಿಯಲ್ಲಿಲ್ಲ. ಎಷ್ಟೇ ಹಿರಿಯರಾದರೂ ಹೆಸರು ಹಿಡಿದು ಕರೆಯುತ್ತಾರೆ, ಅದು ಅಗೌರವವಲ್ಲ.

ಉತ್ತರ ಬಂದಾಗ ಅದು ಹೆಚ್ಚಾಗಿ ಪ್ರಶ್ನೆಯ ರೂಪದಲ್ಲೇ ಇರುತ್ತದೆ. ನಮ್ಮ ಉದಾಹರಣೆಗೆ ಹೀಗೊಂದು ಪ್ರಶ್ನೆ ಬರಬಹುದು: ಇದು `shorten()`ಗೂ ಅನ್ವಯಿಸುತ್ತದೆಯೇ? ಹೌದು ಎಂದು ಥಟ್ಟನೆ ಬರೆದರೆ ಅಲ್ಲಿಗೆ ಮುಗಿಯಿತು. ಕೂತು ಕೋಡ್ ಓದಿ. `shorten()` ಕೂಡ ಎಣಿಸುವುದು ಸಂಕೇತಗಳನ್ನೇ, ಆದರೆ ಅದು ಪದವನ್ನು ಮುರಿಯದೆ ಕೊನೆಯ ಪದಗಳನ್ನು ಇಡಿಯಾಗಿ ಕೈಬಿಡುತ್ತದೆ. ಹಾಗಾಗಿ ಅಗಲದ ಲೆಕ್ಕದ ಮಾತು ಎರಡಕ್ಕೂ ಸಲ್ಲುತ್ತದೆ, ಒತ್ತಕ್ಷರ ಒಡೆಯುವ ಮಾತು `wrap()` ಮತ್ತು `fill()`ಗೆ ಮಾತ್ರ. `break_long_words=False` ಎಂದು ಕೊಟ್ಟರೆ ಅಲ್ಲಿಯೂ ಪದ ಇಡಿಯಾಗಿ ಉಳಿಯುತ್ತದೆ, ಸಾಲು ಮಾತ್ರ ಅಗಲ ಮೀರುತ್ತದೆ. ಇಷ್ಟನ್ನು ಪ್ರಯೋಗದ ಸಮೇತ ಬರೆದರೆ ರಿವ್ಯೂ ಮಾಡುವವರಿಗೆ ನಿಮ್ಮ ಮೇಲೆ ಮೊದಲ ಬಾರಿಗೆ ಭರವಸೆ ಹುಟ್ಟುತ್ತದೆ. ನಿಮಗೂ ಒಂದು ಲಾಭವಿದೆ. ಅನುಭವಿ ಎಂಜಿನಿಯರ್ ಒಂದು ಬದಲಾವಣೆ ಕಂಡಾಗ ಅದು ಮುಟ್ಟುವ ಇತರ ಜಾಗಗಳನ್ನು ಮನಸ್ಸಿನಲ್ಲೇ ಸುತ್ತಿ ಬರುತ್ತಾರೆ ಎಂಬುದು ಆ ಒಂದು ಪ್ರಶ್ನೆಯಲ್ಲೇ ಕಾಣುತ್ತದೆ. ಮುಂದಿನ ಸಲ ಅವರು ಕೇಳುವ ಮೊದಲೇ ಆ ಸುತ್ತು ಹಾಕುವುದು ನಿಮಗೂ ಅಭ್ಯಾಸವಾಗುತ್ತದೆ.

ತಿದ್ದುಪಡಿ ಕೇಳಿದ್ದರೆ ಲೇಬಲ್ `awaiting changes` ಎಂದು ಬದಲಾಗುತ್ತದೆ. ತಿದ್ದಿದ್ದನ್ನು ಹೊಸ ಕಮಿಟ್ ಆಗಿ ಸೇರಿಸಿ. ಹಳೆಯದನ್ನು ಅಳಿಸಿ ಫೋರ್ಸ್ ಪುಷ್ ಮಾಡಿದರೆ ಹಿಂದಿನ ಸಲ ಎಲ್ಲಿವರೆಗೆ ಓದಿದ್ದೆವೆಂದು ಅವರಿಗೆ ತಿಳಿಯುವುದಿಲ್ಲ, ಮೊದಲಿನಿಂದ ಓದಬೇಕಾಗುತ್ತದೆ. ಕಮಿಟ್‌ಗಳು ಹೆಚ್ಚಾದವೆಂದು ಚಿಂತೆ ಬೇಡ, ಮರ್ಜ್ ಮಾಡುವಾಗ ಎಲ್ಲವೂ ಒಂದಾಗುತ್ತವೆ. ಆಮೇಲೆ ಈ ವಾಕ್ಯವನ್ನು ಅಕ್ಷರಶಃ ಟೈಪ್ ಮಾಡಬೇಕು:

```
I have made the requested changes; please review again
```

ಬಾಟ್ ಇದನ್ನು ಗುರುತಿಸಿ ಲೇಬಲ್ ಬದಲಿಸುತ್ತದೆ, ತಿದ್ದುಪಡಿ ಕೇಳಿದವರನ್ನು ಮತ್ತೆ ಕರೆಯುತ್ತದೆ. ಇದು ತಿಳಿಯದೆ ಎಷ್ಟೋ ಜನ ತಿದ್ದಿ ಮುಗಿಸಿಯೂ ತಿಂಗಳುಗಟ್ಟಲೆ ಕಾಯುತ್ತಾರೆ.

ಪುಲ್ ರಿಕ್ವೆಸ್ಟ್‌ಗಳ ಸಂಖ್ಯೆಯ ಹಿಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ 2020ರ ಹ್ಯಾಕ್ಟೋಬರ್‌ಫೆಸ್ಟ್ ಸಾಕ್ಷಿ. ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್ ಎಂದಾಗ, ಪರಿಚಯ ಪುಟಕ್ಕೆ ಒಂದು ಪದ ಸೇರಿಸಿದಂಥ ಅರ್ಥವಿಲ್ಲದ ಬದಲಾವಣೆಗಳು ಯೋಜನೆಗಳ ಮೇಲೆ ಸುರಿದವು. ಆಯೋಜಕರು ಅಕ್ಟೋಬರ್‌ನ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿ ಹೆಸರು ಕೊಟ್ಟ ಯೋಜನೆಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಬೇಕಾಯಿತು. ಹಾಗೆ ಕಳಿಸಿದ್ದು ಮರ್ಜ್ ಆದರೂ ಪರಿಚಯ ಬೆಳೆಯುವುದಿಲ್ಲ, ಏಕೆಂದರೆ ಅದರಲ್ಲಿ ಕೇಳಲು ಒಂದು ಪ್ರಶ್ನೆಯೂ ಇರುವುದಿಲ್ಲ.

ಎರಡು ಮೂರು ಬದಲಾವಣೆ ಒಳಗೆ ಹೋದ ಮೇಲೆ ಇನ್ನೊಂದು ಕೆಲಸ ಶುರುಮಾಡಿ. ನನ್ನ ಪ್ರಕಾರ ಕೋಡ್ ಕಳಿಸುವುದಕ್ಕಿಂತ ಇದು ಹೆಚ್ಚು ಫಲ ಕೊಡುತ್ತದೆ. ನಿಮ್ಮ ಮಾಡ್ಯೂಲ್‌ಗೆ ಬೇರೆಯವರು ಕಳಿಸಿದ ಪುಲ್ ರಿಕ್ವೆಸ್ಟ್ ತೆಗೆದುಕೊಂಡು ನಿಮ್ಮ ಯಂತ್ರದಲ್ಲಿ ಓಡಿಸಿ ನೋಡಿ. ವಿಂಡೋಸ್‌ನಲ್ಲಿ ಇಂಥ ಟೆಸ್ಟ್ ಬಿತ್ತು, ಖಾಲಿ ಸ್ಟ್ರಿಂಗ್ ಕೊಟ್ಟರೆ ಹೀಗಾಗುತ್ತದೆ ಎಂದು ಬರೆಯಿರಿ. ಒಂದು ಹಳೆಯ ಇಶ್ಯೂ ಈಗಿನ ಆವೃತ್ತಿಯಲ್ಲಿ ಮರುಕಳಿಸುತ್ತದೆಯೇ ಎಂದು ಪರೀಕ್ಷಿಸಿ ತಿಳಿಸಿ. ಕೋಡ್ ಬರೆಯಲು ಬರುವವರು ಸಾಕಷ್ಟು ಜನ, ಕೊರತೆ ಇರುವುದು ಓದುವವರದ್ದು. ಆ ಭಾರ ಸ್ವಲ್ಪ ಇಳಿಸಿದವರ ಹೆಸರು ಹಿರಿಯರಿಗೆ ಬೇಗ ನೆನಪಿನಲ್ಲಿ ಉಳಿಯುತ್ತದೆ. ಇಂಥ ಕೆಲಸ ತಪ್ಪದೆ ಮಾಡುವವರಿಗೆ ಲೇಬಲ್ ಹಚ್ಚುವ, ಇಶ್ಯೂ ಮುಚ್ಚುವ ಅಧಿಕಾರವನ್ನು ಪೈಥಾನ್ ತಂಡ ಕೊಡುತ್ತದೆ.

ಇಲ್ಲಿ ಮರಿಯಾಟ್ಟಾ ವಿಜಯಾ ಅವರನ್ನು ನೆನೆಯಬೇಕು. ಮಹಿಳೆಯರಿಗೆ ಮಾರ್ಗದರ್ಶನ ಮಾಡಲು ತಾನು ಸಿದ್ಧ ಎಂದು ಪೈಥಾನ್ ಸೃಷ್ಟಿಸಿದ ಗಿಡೊ ವಾನ್ ರಾಸಮ್ ಪೈಕಾನ್ ವೇದಿಕೆಯಲ್ಲಿ ಹೇಳಿದ್ದರು. ಮರಿಯಾಟ್ಟಾ ಗಿಡೊಗೆ ಪತ್ರ ಬರೆದು ಕೆಲಸ ಶುರುಮಾಡಿದರು, 2017ರಲ್ಲಿ ಪೈಥಾನ್‌ನ ಮೊದಲ ಮಹಿಳಾ ಕೋರ್ ಡೆವಲಪರ್ ಆದರು. ಅವರ ಪತ್ರಕ್ಕೂ ನಾನು ಮೊದಲು ಹೇಳಿದ ಸಂದೇಶಗಳಿಗೂ ವ್ಯತ್ಯಾಸವಿದೆ, ಅವರ ಪತ್ರದ ಹಿಂದೆಯೇ ಕೆಲಸವೂ ಬಂತು. ದೋಷಗಳ ಪಟ್ಟಿಯನ್ನು ಗಿಟ್‌ಹಬ್‌ಗೆ ತರಬೇಕೆಂಬ ಪ್ರಸ್ತಾವ, ಪಿಇಪಿ 581, ಬರೆದವರೂ ಅವರೇ.

ಯೋಜನೆ ಆರಿಸುವಾಗ ಒಂದು ಪರೀಕ್ಷೆ ಮಾಡಿ. ಮುಚ್ಚಿದ ಪುಲ್ ರಿಕ್ವೆಸ್ಟ್‌ಗಳ ಪಟ್ಟಿ ತೆರೆದು, ಹೊರಗಿನವರು ಕಳಿಸಿದ ಹತ್ತನ್ನು ನೋಡಿ. ಮೊದಲ ಟಿಪ್ಪಣಿ ಎಷ್ಟು ದಿನಕ್ಕೆ ಬಂತು, ನಿರಾಕರಿಸಿದಾಗ ಕಾರಣ ಹೇಳಿದ್ದಾರೆಯೇ? ಯಾರೂ ಮಾತಾಡಿಸದ ಯೋಜನೆ ಎಷ್ಟೇ ಹೆಸರುವಾಸಿಯಾದರೂ ನಿಮ್ಮ ಉದ್ದೇಶಕ್ಕೆ ಒದಗುವುದಿಲ್ಲ. ಪೈಥಾನ್‌ಗಿಂತ ಚಿಕ್ಕದಾದ, ನೀವು ದಿನಾ ಬಳಸುವ ಲೈಬ್ರರಿಯಲ್ಲಿ ಉತ್ತರ ಬೇಗ ಸಿಗುವ ಸಾಧ್ಯತೆ ಹೆಚ್ಚು.

ಕೆಲಸಕ್ಕೆ ಶಿಫಾರಸು ಕೊಡಿ ಎಂದು ರಿವ್ಯೂ ಮಾಡಿದವರನ್ನು ಮೊದಲ ಮರ್ಜ್ ಆದ ದಿನವೇ ಕೇಳಬೇಡಿ. ಹಲವು ತಿಂಗಳ ಒಡನಾಟದ ಬಳಿಕ, ಅವರು ಯಾವುದೋ ವಿನ್ಯಾಸವನ್ನು ಏಕೆ ಒಪ್ಪಲಿಲ್ಲ, ಯಾವ ಪುಸ್ತಕ ಓದಬೇಕು ಎಂದು ಕೇಳಿದರೆ ಬಹುತೇಕ ಉತ್ತರ ಬರುತ್ತದೆ. ಪೈಕಾನ್ ಇಂಡಿಯಾ ಸಮ್ಮೇಳನದಲ್ಲಿ (ಮೊದಲನೆಯದು ನಡೆದದ್ದು 2009ರಲ್ಲಿ, ಬೆಂಗಳೂರಿನಲ್ಲಿ) ಎಲ್ಲರೂ ಒಟ್ಟಿಗೆ ಕೂತು ಕೋಡ್ ಬರೆಯುವ ಡೆವ್‌ಸ್ಪ್ರಿಂಟ್ ಇರುತ್ತದೆ. ಅಲ್ಲಿಗೆ ಹೋಗುವಾಗ ನಿಮ್ಮ ಬಾಕಿ ಉಳಿದ ಪುಲ್ ರಿಕ್ವೆಸ್ಟ್ ಜೊತೆಗಿರಲಿ, ಪೈಥಾನ್ ಬಿಲ್ಡ್ ಮಾಡಿದ ಲ್ಯಾಪ್‌ಟಾಪ್ ಕೂಡ.