ವ್ಯಾಪಾರ ಪತ್ರವ್ಯವಹಾರ: ತಡವಾದ ಪತ್ರಕ್ಕೆ ನೇರ ಉತ್ತರ

ಗ್ರಾಹಕರ ಪತ್ರಕ್ಕೆ ಒಂದು ವಾರ ತಡವಾದರೆ ಉತ್ತರಿಸಲು ಸಂಕೋಚವಾಗುತ್ತದೆ. ಐದು ವಾರವಾದರೆ ಏನು ಬರೆಯಬೇಕೆಂಬುದೇ ತೋಚದೆ ಪತ್ರವು ಕಡತದಲ್ಲೇ ಉಳಿಯುತ್ತದೆ. ಕೊನೆಗೆ ಬರೆದಾಗಲೂ ಅರ್ಧ ಪುಟ ಕ್ಷಮಾಯಾಚನೆಗೇ ಮೀಸಲಾಗಿ, ಕೇಳಿದ ಪ್ರಶ್ನೆಗೆ ಉತ್ತರವು ಕೊನೆಯ ಸಾಲಿನಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಇದನ್ನು ಸರಿಪಡಿಸುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕವು ಪೀಣ್ಯದ ಪಂಪ್ ತಯಾರಕರಿಗೆ 400 ಗನ್‌ಮೆಟಲ್ ಬುಷ್‌ಗಳನ್ನು ಪೂರೈಸಿದೆ ಎಂದುಕೊಳ್ಳೋಣ. ಅವುಗಳಲ್ಲಿ 36 ಬುಷ್‌ಗಳ ಒಳವ್ಯಾಸವು ಡ್ರಾಯಿಂಗ್‌ನ ಮಿತಿಗಿಂತ ಹೆಚ್ಚಾಗಿದೆ ಎಂದು ಗ್ರಾಹಕರು ಜೂನ್ 3ರಂದು ಪತ್ರ ಬರೆದು ಮೂರು ಪ್ರಶ್ನೆ ಕೇಳಿದ್ದಾರೆ: ಬದಲಿ ಸರಕು ಎಂದು ಬರುತ್ತದೆ? ಸಾಗಣೆ ವೆಚ್ಚ ಯಾರದು? ಜುಲೈ 25ಕ್ಕೆ ಒಪ್ಪಿದ್ದ ಮುಂದಿನ 600 ಬುಷ್‌ಗಳು ಸಕಾಲಕ್ಕೆ ಬರುತ್ತವೆಯೇ? ಮಾಲೀಕರು ಉತ್ತರಿಸಲು ಕುಳಿತದ್ದು ಜುಲೈ 8ರಂದು.

ಲೇಖನಿ ಹಿಡಿಯುವ ಮೊದಲು ಮೂಲ ಪತ್ರವನ್ನು ಪುನಃ ಓದಿ, ಪ್ರಶ್ನೆಗಳಿಗೆ ಕ್ರಮಸಂಖ್ಯೆ ಹಾಕಿಕೊಳ್ಳಬೇಕು. ಅನಂತರ, ಈ ಐದು ವಾರಗಳಲ್ಲಿ ಪರಿಸ್ಥಿತಿ ಬದಲಾಗಿದೆಯೇ ಎಂದು ಯೋಚಿಸಬೇಕು. ಗ್ರಾಹಕರು ಬೇರೆಡೆ ಖರೀದಿಸಿರಬಹುದು. ಆದುದರಿಂದ ಜೂನ್‌ನಲ್ಲಿ ಸರಿಯಾಗಿದ್ದ ಉತ್ತರವು ಜುಲೈನಲ್ಲಿ ಸಾಲದು. ಪತ್ರವು ಹೀಗಿರಬಹುದು:

"ವಿಷಯ: 36 ಬುಷ್‌ಗಳ ಬದಲಿ ಪೂರೈಕೆ, ತಮ್ಮ ಜೂನ್ 3ರ ಪತ್ರ.

ಮಾನ್ಯರೇ,

ತಾವು ತಿರಸ್ಕರಿಸಿದ 36 ಬುಷ್‌ಗಳಿಗೆ ಬದಲಿ ಸರಕು ಜುಲೈ 15ರಂದು ತಮ್ಮ ಕಾರ್ಖಾನೆ ತಲುಪಲಿದೆ. ಎರಡೂ ಕಡೆಯ ಸಾಗಣೆ ವೆಚ್ಚ ನಮ್ಮದು. ಮುಂದಿನ 600ರ ಪೈಕಿ 400 ಬುಷ್‌ಗಳು ಜುಲೈ 25ಕ್ಕೂ ಉಳಿದ 200 ಆಗಸ್ಟ್ 4ಕ್ಕೂ ಬರುತ್ತವೆ. ತಾವು ಈಗಾಗಲೇ ಬೇರೆಡೆ ಖರೀದಿಸಿದ್ದಲ್ಲಿ ಜುಲೈ 12ರೊಳಗೆ ತಿಳಿಸಿರಿ. ಬದಲಿ ಸರಕಿನ ಬದಲು 36 ಬುಷ್‌ಗಳ ಮೊತ್ತಕ್ಕೆ ಕ್ರೆಡಿಟ್ ನೋಟ್ ನೀಡುತ್ತೇವೆ. ಉತ್ತರವು ಐದು ವಾರ ತಡವಾದುದಕ್ಕೆ ವಿಷಾದಿಸುತ್ತೇವೆ."

ಇಲ್ಲಿ ಮೂರು ಪ್ರಶ್ನೆಗಳಿಗೂ ಮೊದಲ ಮೂರು ವಾಕ್ಯಗಳಲ್ಲೇ ಉತ್ತರ ದೊರೆತಿದೆ. ವಿಷಾದಕ್ಕೆ ಒಂದೇ ವಾಕ್ಯ. ಕೆಲಸಗಾರರು ರಜೆಯಲ್ಲಿದ್ದರು, ಮನೆಯಲ್ಲಿ ಮದುವೆಯಿತ್ತು ಮುಂತಾದ ಕಾರಣಗಳಿಲ್ಲ. ಗ್ರಾಹಕರ ತೀರ್ಮಾನವನ್ನು ಬದಲಿಸುವ ಕಾರಣವಿದ್ದರೆ ಮಾತ್ರ ಹೇಳಬೇಕು. 200 ಬುಷ್‌ಗಳು ಹತ್ತು ದಿನ ತಡವಾಗುವ ಅಹಿತಕರ ಸಂಗತಿಯನ್ನೂ ವಿನಯದ ಮಾತುಗಳಲ್ಲಿ ಮುಚ್ಚಿಲ್ಲ.

ಅತಿಯಾದ ಕ್ಷಮಾಯಾಚನೆಯಲ್ಲಿ ಅಪಾಯವೂ ಇದೆ. "ಎಲ್ಲವೂ ನಮ್ಮದೇ ತಪ್ಪು, ಆದ ನಷ್ಟಕ್ಕೆಲ್ಲಾ ನಾವೇ ಹೊಣೆ" ಎಂದು ಸಂಕೋಚದಿಂದ ಬರೆದ ಸಾಲು, ಮುಂದೆ ವ್ಯಾಜ್ಯವಾದರೆ ಲಿಖಿತ ಒಪ್ಪಿಗೆಯಾಗಿ ಎದುರು ನಿಲ್ಲಬಹುದು. ಉತ್ತರದ ವಿಳಂಬ ಬೇರೆ, ಸರಕಿನ ದೋಷ ಬೇರೆ. ಮೊದಲನೆಯದಕ್ಕೆ ವಿಷಾದ ಸಾಕು. ಎರಡನೆಯದನ್ನು, ಮರಳಿಬಂದ ಬುಷ್‌ಗಳನ್ನು ಪ್ಲಗ್ ಗೇಜ್‌ನಿಂದ ಪರೀಕ್ಷಿಸಿದ ಮೇಲೆ, ಕಂಡಷ್ಟನ್ನೇ ಒಪ್ಪಬೇಕು. ಹಳೆಯ ದಿನಾಂಕ ಹಾಕಿ ಪತ್ರ ಕಳುಹಿಸುವುದಂತೂ ಸಲ್ಲದು. ಗ್ರಾಹಕರ ಆವಕ ವಹಿಯಲ್ಲಿ ನಿಜವಾದ ದಿನಾಂಕ ದಾಖಲಾಗಿಯೇ ಇರುತ್ತದೆ.

ವಿಳಂಬದಿಂದ ನಮ್ಮ ಹಣಕ್ಕೂ ತಡೆಯುಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಪಾವತಿಸಲು ಲಿಖಿತ ಒಪ್ಪಂದವಿದ್ದರೂ ಗ್ರಾಹಕರಿಗೆ ಸರಕನ್ನು ಅಂಗೀಕರಿಸಿದ ದಿನದಿಂದ 45 ದಿನ ಮೀರಿದ ಅವಧಿ ಸಿಗದು. ಆದರೆ ಸರಕು ತಲುಪಿದ 15 ದಿನಗಳೊಳಗೆ ಗ್ರಾಹಕರು ಲಿಖಿತ ಆಕ್ಷೇಪಣೆ ಸಲ್ಲಿಸಿದ್ದರೆ, ಆ ಆಕ್ಷೇಪಣೆಯನ್ನು ನಾವು ನಿವಾರಿಸಿದ ದಿನವೇ ಅಂಗೀಕಾರದ ದಿನವೆನಿಸುತ್ತದೆ. ಸಂಕೋಚದಿಂದ ಪತ್ರವನ್ನು ಇನ್ನೂ ಒಂದು ವಾರ ಬದಿಗಿಟ್ಟರೆ ಪಾವತಿಯ ಲೆಕ್ಕವೂ ಅಷ್ಟೇ ಮುಂದಕ್ಕೆ ಹೋಗಬಹುದು.

ಈ ಕ್ರಮಕ್ಕೆ ಎರಡು ಮಿತಿಗಳಿವೆ. ನಮ್ಮ ಮೌನದಿಂದ ಗ್ರಾಹಕರ ಉತ್ಪಾದನೆಯೇ ನಿಂತಿದ್ದರೆ ಒಂದು ವಾಕ್ಯದ ವಿಷಾದ ಸಾಲದು; ಮಾಲೀಕರು ಸ್ವತಃ ದೂರವಾಣಿಯಲ್ಲಿ ಮಾತನಾಡಿ, ಅನಂತರ ಪತ್ರದಲ್ಲಿ ಅದನ್ನು ದೃಢಪಡಿಸಬೇಕು. ಮೂರರಲ್ಲಿ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದಿದ್ದರೆ, ಅದಕ್ಕಾಗಿ ಇಡೀ ಪತ್ರವನ್ನು ತಡೆಹಿಡಿಯಬಾರದು. ಎರಡಕ್ಕೆ ಉತ್ತರಿಸಿ, ಮೂರನೆಯದಕ್ಕೆ ದಿನಾಂಕ ತಿಳಿಸಬೇಕು. ಆ ದಿನಾಂಕವನ್ನು ಅಂದೇ ಡೈರಿಯಲ್ಲಿ ಗುರುತು ಹಾಕಿಕೊಳ್ಳಬೇಕು; ಎರಡನೆಯ ಸಲ ತಪ್ಪಿದರೆ ಯಾವ ವಿಷಾದದ ವಾಕ್ಯಕ್ಕೂ ಬೆಲೆಯಿರುವುದಿಲ್ಲ.