ಹದಿಮೂರು ತುಂಬಲು ಐದು ವಾರ

ಅರಕಲಗೂಡಿನಲ್ಲಿ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಪಹಣಿ, ಜಾತಿ-ಆದಾಯ ಪತ್ರಗಳ ನಡುವೆ ಆಗೊಮ್ಮೆ ಈಗೊಮ್ಮೆ ಬೇರೆ ಬಗೆಯ ಅರ್ಜಿಯೂ ಬರುತ್ತದೆ. 2025ರ ಫೆಬ್ರವರಿ ಮಧ್ಯದಲ್ಲಿ ಕೊಣನೂರು ಕಡೆಯ ತಾಯಿಯೊಬ್ಬರು ಬಂದರು. "ಅಣ್ಣಾ, ನನ್ ಮಗ ಇನ್‌ಸ್ಟಾಗ್ರಾಮಲ್ಲಿ ಅವ್ನಂತೆ. ಏಳನೇ ಕ್ಲಾಸು. ತೆಗೆಸ್ಕೊಡಿ." ಆ ಕೆಲಸದಿಂದ ಕಲಿತದ್ದಿಷ್ಟು.

1. ಮಗನ ಹೆಸರು ಹುಡುಕಿದರೆ ಮಗ ಸಿಗುವುದಿಲ್ಲ. ಈ ಹುಡುಗನ ಖಾತೆಯಲ್ಲಿದ್ದದ್ದು ಒಬ್ಬ ಸಿನಿಮಾ ನಾಯಕನ ಹೆಸರು, ಎತ್ತಿನ ಗಾಡಿಯ ಚಿತ್ರ. ಸಿಕ್ಕಿದ್ದು ಸೋದರಮಾವನ ಮಗನ ಫೋನಿನಲ್ಲಿ: ಆ್ಯಪ್‌ನ ಕೆಳಮೂಲೆಯ ಪ್ರೊಫೈಲ್ ಚಿತ್ರವನ್ನು ಒತ್ತಿ ಹಿಡಿದರೆ ಆ ಫೋನಿನಲ್ಲಿ ಲಾಗಿನ್ ಆಗಿರುವ ಖಾತೆಗಳೆಲ್ಲ ಸಾಲಾಗಿ ಕಾಣುತ್ತವೆ. ಯೂಸರ್‌ನೇಮನ್ನು ಒಂದಕ್ಷರ, ಒಂದು ಅಡಿಗೆರೆಯೂ ತಪ್ಪದಂತೆ ಬರೆದುಕೊಳ್ಳಬೇಕು. ಬಾಯಲ್ಲಿ ಹೇಳಿಸಿಕೊಂಡು ತುಂಬಿದರೆ ಬೇರೆ ಯಾರದೋ ಖಾತೆಯ ಮೇಲೆ ದೂರು ಹೋಗುತ್ತದೆ.

2. ಮಗು ಒಪ್ಪಿದರೆ ಅರ್ಜಿಯೇ ಬೇಡ. Accounts Centerನಲ್ಲಿ Personal details, ಅಲ್ಲಿ Account ownership and control ಒಳಗೆ ಅಳಿಸುವ ದಾರಿ ಇದೆ. ಆದರೆ ಖಾತೆ ಅಂದೇ ಅಳಿಯುವುದಿಲ್ಲ, 30 ದಿನ ಕಾಯುತ್ತದೆ. ಅಷ್ಟರೊಳಗೆ ಒಮ್ಮೆ ಲಾಗಿನ್ ಆಗಿ ರದ್ದು ಮಾಡಿದರೆ ಎಲ್ಲ ಹಿಂದಿನಂತೆಯೇ. ನಮ್ಮ ಹುಡುಗ ಪಾಸ್‌ವರ್ಡ್ ಹೇಳಲಿಲ್ಲ. ಹಾಗಾಗಿ ಅರ್ಜಿ.

3. ಎಲ್ಲರೂ ಮೊದಲು ಕೇಳುವುದು "ತಾಯಿ ಅನ್ನೋಕೆ ಏನು ಪುರಾವೆ ಕೊಡ್ಬೇಕು?" ಎಂದು. 13 ತುಂಬದವರ ಖಾತೆ ತೆಗೆಸುವ ಅರ್ಜಿಯ ತಿರುಳು ಮಗುವಿನ ವಯಸ್ಸು. ನೆರೆಮನೆಯವರೂ ಅದನ್ನು ತುಂಬಬಹುದು. ಕಂಪನಿಗೆ ವಯಸ್ಸು ಖಚಿತವಾಗದಿದ್ದರೆ ಮಾತ್ರ ಅದು ಸುಮ್ಮನಿರುತ್ತದೆ, ಆಗ ಹೆತ್ತವರ ಮಾತಿಗೆ ತೂಕ ಹೆಚ್ಚು. ಮಗುವಿನ ಖಾತೆಯೊಳಗಿನ ಮಾಹಿತಿ ಬೇಕೆಂದರೆ ಕಥೆಯೇ ಬೇರೆ. ಅಲ್ಲಿ ಹೆತ್ತವರ ಸರ್ಕಾರಿ ಗುರುತಿನ ಚೀಟಿ, ಸಂಬಂಧ ತೋರಿಸುವ ದಾಖಲೆ, ನೋಟರಿ ಮುಂದೆ ಮಾಡಿದ ಹೇಳಿಕೆ ಎಲ್ಲ ಎದುರಾಗುತ್ತವೆ. ಅಜ್ಜಿಯ ಮನೆಯಲ್ಲಿ ಬೆಳೆಯುವ ಮಕ್ಕಳು ನಮ್ಮ ಕಡೆ ಬಹಳ. ಆದರೆ ಸಾಕಿದ ಮಾತ್ರಕ್ಕೆ ಅಜ್ಜಿ ಕಾನೂನಿನ ಪೋಷಕಿಯಾಗುವುದಿಲ್ಲ.

4. ನನ್ನನ್ನು ಸುಸ್ತು ಮಾಡಿದ್ದು ಹುಟ್ಟಿದ ದಿನಾಂಕ. ತಾಯಿ ತಂದದ್ದು ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರಲ್ಲಿ 1-6-2011. ಆ ಲೆಕ್ಕದಲ್ಲಿ ಹುಡುಗನಿಗೆ ಆಗಲೇ 13 ದಾಟಿತ್ತು. ಜೂನ್ ಒಂದು ಕಂಡರೆ ನನಗೆ ಅನುಮಾನ. ಒಂದನೇ ತರಗತಿಗೆ ಬೇಗ ಸೇರಿಸಲು ವಯಸ್ಸು ಏರಿಸಿ ಬರೆಸಿದ ಮಕ್ಕಳು ಎಷ್ಟೋ! ಕೆದಕಿದಾಗ ಹೊರಬಂತು: ಅವನು ಹುಟ್ಟಿದ್ದು 21-3-2012ಕ್ಕೆ, ಯುಗಾದಿಗೆ ಎರಡು ದಿನ ಮುಂಚೆ. ಅಂದರೆ 13 ತುಂಬಲು ಐದೇ ವಾರ. ತುಂಬಿದ ಮೇಲೆ ಹೆತ್ತವರು ಕೇಳಿದರೆಂದು ಕಂಪನಿ ಖಾತೆ ತೆಗೆಯುವುದಿಲ್ಲ.

ಜನನ ಪ್ರಮಾಣಪತ್ರ ಅರಕಲಗೂಡಿನಲ್ಲಿ ಸಿಗಲಿಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ, ನೋಂದಣಿ ಹೊಳೆನರಸೀಪುರದಲ್ಲಿ. ತಂದಾಗ ತಾಯಿ-ತಂದೆಯ ಹೆಸರಿತ್ತು, ಮಗುವಿನ ಹೆಸರಿನ ಜಾಗ ಖಾಲಿ! ನಾಮಕರಣಕ್ಕೆ ಮುಂಚೆಯೇ ನೋಂದಾಯಿಸಿ ಮರೆತರೆ ಹೀಗೆಯೇ. ಹೆಸರಿಲ್ಲದ ಪತ್ರ ಯಾವ ಮಗುವಿನದು ಎಂದು ದೂರದ ಕಂಪನಿಗೆ ಹೇಗೆ ತಿಳಿಯಬೇಕು? ನೋಂದಾಯಿಸಿದ ಕಚೇರಿಗೇ ಹೋಗಿ ಹೆಸರು ಸೇರಿಸಿಕೊಂಡು ಬಂದರು. ಅದರ ಜೊತೆಗೆ, ಯಾವಾಗ ಕೇಳಿದರೂ ಕಳಿಸಲೆಂದು, ತಾಯಿಯ ಆಧಾರ್ ಇಟ್ಟುಕೊಂಡೆವು. ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು. ಅರ್ಜಿಯಲ್ಲಿ ತುಂಬಿದ್ದು 2012ರ ದಿನಾಂಕವನ್ನೇ.

5. ಯಾರಾದರೂ ಮಗುವನ್ನು ಪೀಡಿಸುತ್ತಿದ್ದರೆ ಖಾತೆ ತೆಗೆಸುವ ಆತುರ ಬೇಡ, ಸಾಕ್ಷಿಯೂ ಅದರೊಡನೆ ಹೋಗುತ್ತದೆ. ಪೀಡಕನ ಯೂಸರ್‌ನೇಮ್, ದಿನಾಂಕ ಬರೆದಿಟ್ಟು ಮೊದಲು cybercrime.gov.in ಅಥವಾ ಪೊಲೀಸ್ ಠಾಣೆ. ಮಗುವಿನ ಅಶ್ಲೀಲ ಚಿತ್ರವಿದ್ದರೆ ನನಗೆ ತೋರಿಸಬೇಡಿ, ಯಾರಿಗೂ ಕಳಿಸಬೇಡಿ ಎನ್ನುತ್ತೇನೆ. ಅದನ್ನು ಹಂಚುವುದೇ ಅಪರಾಧ.

6. ಖಾತೆ ಹೋಯಿತೆಂದು ಕಾಗದ ಬರುವುದಿಲ್ಲ. ನಾವೇ ಹುಡುಕಿ ನೋಡಬೇಕು. ತಾಯಿಯ ಫೋನಿನಲ್ಲಿ ಕಾಣಲಿಲ್ಲವೆಂದರೆ ಮಗ ಬ್ಲಾಕ್ ಮಾಡಿರಬಹುದು, ಯೂಸರ್‌ನೇಮ್ ಬದಲಿಸಿರಬಹುದು. ಆತನನ್ನು ಹಿಂಬಾಲಿಸುತ್ತಿದ್ದ ಬೇರೊಬ್ಬರ ಫೋನಿನಲ್ಲೂ ನೋಡಿದೆವು. ಅರ್ಜಿ ಕಳಿಸಿದ ಒಂಬತ್ತನೇ ದಿನ ಎರಡರಲ್ಲೂ ಇರಲಿಲ್ಲ.

7. ಕಾನೂನಿನ ಗಡಿ ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಹೆತ್ತವರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು, ಈ ಭಾಗ ಜಾರಿಗೆ ಬರಲು 18 ತಿಂಗಳ ಗಡುವು. ನಮ್ಮ ಹುಡುಗನ ಕಾಲಕ್ಕೆ ಉಪಯೋಗಕ್ಕೆ ಬಂದದ್ದು ಕಂಪನಿಯ 13 ಮಾತ್ರ.

ಏಪ್ರಿಲ್‌ನಲ್ಲಿ ಆ ತಾಯಿ ಮತ್ತೆ ಬಂದರು. ಮಗ ಹೊಸ ಖಾತೆ ತೆರೆದಿದ್ದ, ಈ ಸಲ ನಿಜವಾದ ದಿನಾಂಕ ಕೊಟ್ಟು. ತುಂಬಲು ನನ್ನಲ್ಲಿ ಅರ್ಜಿ ಇರಲಿಲ್ಲ. ಹದಿಹರೆಯದವರ ಖಾತೆಗೆ ಹೆತ್ತವರ ಮೇಲ್ವಿಚಾರಣೆ ಜೋಡಿಸುವುದನ್ನು ತೋರಿಸಿದೆ. ಅದಕ್ಕೂ ಮಗ ಒಪ್ಪಬೇಕು ಎಂದಾಗ ಅವರು ಫೋನನ್ನು ಸೆರಗಿಗೆ ಒರೆಸಿ ಬ್ಯಾಗಿಗೆ ಹಾಕಿಕೊಂಡರು. "ಸಾಯಂಕಾಲ ಅವ್ನನ್ನೇ ಕರ್ಕೊಂಡ್ ಬತ್ತೀನಿ ಬುಡಿ" ಎಂದರು.