ಬಾಕಿ ದುಡ್ಡು, ಬಾಯಿ ಮುಚ್ಚು

ಕನ್ನಡದಲ್ಲಿ ರ‍್ಯಾಪ್ ಬರೆಯಲು ಕೂತವರಿಗೆ ಮೊದಲು ಸಿಗುವ ಪ್ರಾಸ ಪುಕ್ಕಟೆಯದು. ಹೇಳ್ತೀನಿ, ಕೇಳ್ತೀನಿ, ಬಾಳ್ತೀನಿ, ಆಳ್ತೀನಿ ಎಂದು ಬರೆಯುತ್ತಾ ಹೋದರೆ ಹದಿನಾರು ಬಾರ್ ತುಂಬಲು ಒಂದು ಕಾಫಿಯ ಹೊತ್ತು ಸಾಕು. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಅದಕ್ಕೆ ಅಂಟುವ ಪ್ರತ್ಯಯ ಎಲ್ಲ ಕಡೆ ಒಂದೇ. ಹಾಗಾಗಿ ಪ್ರಾಸ ಕೂಡಿಸಿದ್ದು ವ್ಯಾಕರಣ, ಬರೆದವನಲ್ಲ. ಕೇಳುವವರಿಗೂ ಇದು ಬೇಗ ಗೊತ್ತಾಗುತ್ತದೆ. ಕಬ್ಬನ್ ಪಾರ್ಕಿನಲ್ಲಿ ಗುಂಪಾಗಿ ನಿಂತು ಸರದಿಯ ಮೇಲೆ ಹಾಡುವಾಗ ಯಾರಾದರೂ ಎರಡನೇ 'ತೀನಿ' ಎಂದರೆ ಮೂರನೆಯದನ್ನು ಗುಂಪೇ ಹೇಳಿ ಮುಗಿಸುತ್ತದೆ. ಆಮೇಲೆ ಆ ಹುಡುಗನ ಮಾತಿಗೆ ಕಿವಿ ಕೊಡುವವರಿಲ್ಲ.

ಆದ್ದರಿಂದ ಪ್ರತ್ಯಯಗಳನ್ನು ಲೆಕ್ಕಕ್ಕೇ ಹಿಡಿಯದೆ ಪದದ ಬುಡದಲ್ಲಿ ಪ್ರಾಸ ಹುಡುಕುವುದು ನನ್ನ ಅಭ್ಯಾಸವಾಯಿತು. ಅದೂ ಒಂದಕ್ಷರದ್ದಲ್ಲ, ಮೂರು ನಾಲ್ಕು ಅಕ್ಷರದ ಕಟ್ಟು. ನಾವು ಇದನ್ನು 'ಮಲ್ಟಿ' ಅನ್ನುತ್ತೇವೆ. ಇಂಗ್ಲಿಷಿನಲ್ಲಿ 1987ರ 'ಪೇಯ್ಡ್ ಇನ್ ಫುಲ್' ಆಲ್ಬಮ್‌ನಲ್ಲಿ ರಾಕಿಮ್ ಸಾಲಿನ ಹೊಟ್ಟೆಯಲ್ಲೇ ಪ್ರಾಸ ಹೆಣೆದದ್ದನ್ನು ಕೇಳಿ ನಮ್ಮಲ್ಲಿ ಬಹಳ ಜನ ಅದನ್ನೇ ಕನ್ನಡಕ್ಕೆ ಇಳಿಸಲು ನೋಡುತ್ತಾರೆ. ನೇರವಾಗಿ ಇಳಿಯುವುದಿಲ್ಲ. ಇಂಗ್ಲಿಷ್ ಪ್ರಾಸ ನಿಲ್ಲುವುದು ಒತ್ತು ಬಿದ್ದ ಅಕ್ಷರದ ಮೇಲೆ. ಕನ್ನಡದ ಕಿವಿ ಒತ್ತನ್ನು ಅಷ್ಟಾಗಿ ಗಮನಿಸದೆ ಅಕ್ಷರದ ತೂಕವನ್ನು ಗಮನಿಸುತ್ತದೆ. 'ಕತೆ' ಮತ್ತು 'ಕತ್ತೆ' ಕಾಗದದ ಮೇಲೆ ಒಡಹುಟ್ಟಿದವರ ಹಾಗೆ ಕಂಡರೂ ಬೀಟ್ ಮೇಲೆ ಹೇಳಿದಾಗ ಒಂದಕ್ಕೊಂದು ಸಂಬಂಧವೇ ಇರುವುದಿಲ್ಲ. ಮೊದಲನೆಯದು ಎರಡು ಲಘು, ಎರಡನೆಯದು ಒಂದು ಗುರು, ಒಂದು ಲಘು.

ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿ ಮರೆತದ್ದು ನನಗೆ ಮತ್ತೆ ಬೇಕಾದದ್ದು ಇಲ್ಲಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಸ್ವರ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ರ‍್ಯಾಪ್ ಬೀಟಿನ ಒಂದು ಬಾರ್‌ನಲ್ಲಿ ನಾಲ್ಕು ಪೆಟ್ಟು, ಒಂದೊಂದು ಪೆಟ್ಟಿನೊಳಗೆ ನಾಲ್ಕು ಮನೆ, ಒಟ್ಟು ಹದಿನಾರು. ಒಂದು ಮನೆಗೆ ಒಂದು ಮಾತ್ರೆ ಎಂದು ಹಿಡಿದರೆ ಬರೆದ ಸಾಲು ಬಾರ್‌ಗೆ ಹಿಡಿಸುತ್ತದೋ ಇಲ್ಲವೋ ಎಂಬುದನ್ನು ಹಾಡುವ ಮೊದಲೇ ಬೆರಳಿನಲ್ಲಿ ಎಣಿಸಬಹುದು. ನಾನು ಹೆಚ್ಚಾಗಿ ಬರೆಯುವುದು ನಿಮಿಷಕ್ಕೆ 90 ಪೆಟ್ಟಿನ ಬೀಟ್‌ಗೆ. ಅದರಲ್ಲಿ ಒಂದು ಬಾರ್ ಎರಡೂ ಮುಕ್ಕಾಲು ಸೆಕೆಂಡಿಗೆ ತುಸು ಕಡಿಮೆ.

ಒಂದು ಉದಾಹರಣೆಯನ್ನೇ ಬಿಡಿಸಿ ತೋರಿಸುತ್ತೇನೆ. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟು ಮನೆ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ: ಖಾಲಿ ಮಾಡುವ ದಿನ ಓನರ್ ಬಣ್ಣದ ಖರ್ಚು ಎಂದು ಒಂದಿಷ್ಟು ಮುರಿದುಕೊಳ್ಳುತ್ತಾರೆ. ನನಗೂ ಆಯಿತು. ಸಿಟ್ಟಿನಲ್ಲಿ ಮೊದಲು ಕೈಗೆ ಸಿಕ್ಕ ಮಾತು 'ಬಾಕಿ ದುಡ್ಡು'. ಗುರು, ಲಘು, ಗುರು, ಲಘು. ಸ್ವರಗಳು ಆ, ಇ, ಉ, ಉ. ಇಲ್ಲಿ ನಾನು ಪದಗಳನ್ನು ಪಕ್ಕಕ್ಕಿಟ್ಟು ಬರೀ ಈ ಸ್ವರಗಳನ್ನು ಅದೇ ತೂಕದಲ್ಲಿ ಗುನುಗಿಕೊಂಡು ಓಡಾಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಒಂದು ಥರ ನೋಡುತ್ತಾರೆ, ನೋಡಲಿ. ಸಂಜೆಯ ಹೊತ್ತಿಗೆ ಬಾಯಿ ಮುಚ್ಚು, ಜಾತಿ ಹುಚ್ಚು, ಹಾಕಿ ಗುದ್ದು, ಆಸ್ತಿ ಗುಟ್ಟು, ಚಾವಿ ಹುಡ್ಕು ಎಲ್ಲ ಸೇರಿದವು. ಇವುಗಳಲ್ಲಿ ಒಂದಕ್ಕೂ ವ್ಯಾಕರಣದ ಸಹಾಯವಿಲ್ಲ, ವ್ಯಂಜನಗಳೂ ಹೆಚ್ಚಿನವು ಬೇರೆ ಬೇರೆ. ಆದರೂ ಒಟ್ಟಿಗೆ ಹೇಳಿದರೆ ಒಂದೇ ಮನೆತನದವು ಎಂದು ಕಿವಿ ಒಪ್ಪುತ್ತದೆ.

ಹಳೆಯ ಛಂದಸ್ಸಿನವರು ಇದನ್ನು ಒಪ್ಪುತ್ತಿರಲಿಲ್ಲ. ಅವರ ಆದಿಪ್ರಾಸದಲ್ಲಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಎಲ್ಲ ಪಾದಗಳಲ್ಲೂ ಒಂದೇ ಆಗಿರಬೇಕು, 'ಬಾಕಿ'ಗೆ 'ಬಾಯಿ' ಹೊಂದುವುದಿಲ್ಲ. ಆದರೆ ಅವರ ಸಿಂಹ, ಗಜ, ಹಯ ಮುಂತಾದ ಆರು ಪ್ರಾಸಗಳ ವಿಂಗಡಣೆಯನ್ನು ಗಮನಿಸಿ. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದೆಯೋ ದೀರ್ಘವಿದೆಯೋ, ಪ್ರಾಸಾಕ್ಷರ ಇಮ್ಮಡಿಸಿದೆಯೋ ಇಲ್ಲವೋ ಎಂಬುದೇ ಅಲ್ಲಿಯ ಮುಖ್ಯ ಪ್ರಶ್ನೆ. ತೂಕ ಮೊದಲು ಎಂಬುದನ್ನು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ನಾವು ವ್ಯಂಜನದ ಕಟ್ಟನ್ನು ಮಾತ್ರ ಸಡಿಲ ಬಿಟ್ಟಿದ್ದೇವೆ.

ಸಾಲುಗಳು ಕೊನೆಗೆ ಹೀಗೆ ನಿಂತವು:

ಬಾಕಿ ದುಡ್ಡು ಕೇಳ್ದ್ರೆ 'ಬಾಯಿ ಮುಚ್ಚು'
ಜಾತಿ ಹುಚ್ಚು ಸಾಲ್ದೆ ಆಸ್ತಿ ಸೊಕ್ಕು
ಈ ಮನೆ ಬಣ್ಣದ ಖರ್ಚಿದೆ ಅಂದ್ರಿ
ಬಯಲಾಗಿದ್ ಮನೇದಲ್ಲ, ನಿಮ್ದು

ಮೊದಲ ಸಾಲನ್ನು ಎಣಿಸಿ. ಬಾಕಿ, ದುಡ್ಡು, ಕೇಳ್ದ್ರೆ, ಬಾಯಿ, ಮುಚ್ಚು: ಐದೂ ಮೂರು ಮಾತ್ರೆಯವು. ಒಟ್ಟು ಹದಿನೈದು, ಒಂದು ಮನೆ ಖಾಲಿ, ಅದು ಉಸಿರಿಗೆ. ಬೀಟ್ ನಾಲ್ಕು ನಾಲ್ಕಾಗಿ ನಡೆಯುತ್ತಿದ್ದರೆ ಮಾತು ಮೂರು ಮೂರಾಗಿ ನಡೆಯುತ್ತದೆ. ಮಾತಿನ ಗುಂಪುಗಳು ಶುರುವಾಗುವುದು 1, 4, 7, 10, 13ನೇ ಮನೆಗಳಲ್ಲಿ. ಬೀಟಿನ ಪೆಟ್ಟುಗಳು 1, 5, 9, 13ರಲ್ಲಿ. ಮೊದಲ ಪೆಟ್ಟಿನಲ್ಲಿ ಜೊತೆಗೆ ಹೊರಟ ಎರಡೂ ನಡುವೆ ತಪ್ಪಿಸಿಕೊಂಡು, ಮತ್ತೆ ಸೇರುವುದು ನಾಲ್ಕನೇ ಪೆಟ್ಟಿನಲ್ಲಿ. ಸ್ನೇರ್ ಬಾರಿಸುವ ಆ ಜಾಗಕ್ಕೇ 'ಮುಚ್ಚು' ಬಂದು ಬೀಳುತ್ತದೆ. ಉತ್ಸಾಹ ರಗಳೆಯ ಮೂರು ಮಾತ್ರೆಯ ಗಣವನ್ನು ನಾಲ್ಕರ ತಾಳದ ಮೇಲೆ ಹೇರಿದಾಗ ಆಗುವ ಎಳೆದಾಟ ಇದು.

ಎರಡನೇ ಸಾಲಿಗೂ ಅದೇ ನಡೆ. 'ಸೊಕ್ಕು' ಪದದಲ್ಲಿ ಉ ಇರಬೇಕಾದ ಕಡೆ ಒ ಬಂದಿದೆ. ನನ್ನ ಪಟ್ಟಿಯಲ್ಲಿದ್ದ 'ಆಸ್ತಿ ಗುಟ್ಟು' ಪ್ರಾಸಕ್ಕೆ ಇನ್ನೂ ಚೊಕ್ಕ, ಆದರೆ ಅದನ್ನು ಹಾಕಿದರೆ ಸಾಲು ಏನನ್ನೂ ಹೇಳುವುದಿಲ್ಲ. ತೂಕ ಸರಿಯಿದ್ದರೆ ಹತ್ತಿರದ ಸ್ವರವನ್ನು ಕಿವಿ ಕ್ಷಮಿಸುತ್ತದೆ. ಸ್ವರ ಸರಿಯಿದ್ದು ತೂಕ ತಪ್ಪಿದರೆ ಕ್ಷಮಿಸುವುದಿಲ್ಲ. 'ದುಡ್ಡು'ಗೆ 'ಕುಡು' ಎಂದು ಹಾಕಿ ನೋಡಿ, ಎಡವಿದ ಹಾಗಾಗುತ್ತದೆ.

ಮೂರನೇ ಸಾಲಿನಲ್ಲಿ ನಡೆ ಬದಲಾಗಲೇಬೇಕು. ಒಂದೇ ಹೆಣಿಗೆ ಎರಡು ಬಾರ್ ಸಾಗಿತೆಂದರೆ ಮೂರನೆಯದನ್ನು ಕೇಳುಗ ಮೊದಲೇ ಊಹಿಸಿಬಿಡುತ್ತಾನೆ. 'ಈ ಮನೆ', 'ಬಣ್ಣದ', 'ಖರ್ಚಿದೆ', ಮೂರೂ ನಾಲ್ಕು ಮಾತ್ರೆಯವು, ಪ್ರತಿಯೊಂದೂ ನೇರ ಪೆಟ್ಟಿನ ಮೇಲೆ ಶುರುವಾಗುತ್ತದೆ. ಎಳೆದಾಟ ನಿಂತು ಮಾತು ಸಪ್ಪೆಯಾಗುತ್ತದೆ, ಓನರ್ ಮಾತಾಡಿದ ಹಾಗೆ. ಬೇಕೆಂದೇ ಒಳಪ್ರಾಸವನ್ನೂ ತೆಗೆದಿದ್ದೇನೆ. ಇಲ್ಲಿ 'ಅಂದಿರಿ' ಎಂದು ಬರೆದಿದ್ದರೆ ಹದಿನಾರು ಮಾತ್ರೆ ಲೆಕ್ಕಕ್ಕೆ ಸರಿಯಾಗಿ ತುಂಬುತ್ತಿತ್ತು. ಆದರೆ ಬೆಂಗಳೂರಿನ ಬಾಡಿಗೆದಾರ ಜಗಳಕ್ಕೆ ನಿಂತಾಗ ಅಂದಿರಿ ಅನ್ನುವುದಿಲ್ಲ. ಮಾತ್ರೆ ತುಂಬಲು ಗ್ರಾಂಥಿಕ ರೂಪವನ್ನು ತುರುಕಿದ ಜಾಗ ಕೇಳುವವರಿಗೆ ತಕ್ಷಣ ತಿಳಿಯುತ್ತದೆ, ಪೌರಾಣಿಕ ನಾಟಕದ ದನಿ ಬಂದುಬಿಡುತ್ತದೆ. ಆಡುಮಾತಿನಲ್ಲಿ ಸ್ವರ ಬಿದ್ದುಹೋಗಿ ಮಾತ್ರೆ ಉಳಿಯುತ್ತದೆ: 'ಹೇಳುತ್ತೇನೆ' ಏಳು ಮಾತ್ರೆ, 'ಹೇಳ್ತೀನಿ' ಐದೇ. ಬರೆದದ್ದನ್ನಲ್ಲ, ಬಾಯಲ್ಲಿ ಬಂದದ್ದನ್ನು ಎಣಿಸಬೇಕು.

ಇನ್ನು ಪಂಚ್. ಮೊದಲ ಕರಡಿನಲ್ಲಿ ಇದ್ದದ್ದು 'ನಿಮ್ಮ ಬಣ್ಣ ಬಯಲಾಗಿ ಹೋಯ್ತು' ಎಂಬ ಅರ್ಥದ ಸಾಲು. 'ನಿಮ್ಮ ಬಣ್ಣ' ಅಂದ ಕೂಡಲೇ ಮುಂದೆ ಬರುವುದು 'ಬಯಲು' ಎಂದು ಎಲ್ಲರಿಗೂ ಗೊತ್ತು. ಉಳಿದ ಅರ್ಧ ಬಾರ್ ಹೆಣ. ಕನ್ನಡ ವಾಕ್ಯದ ಸಹಜ ಕ್ರಮದಲ್ಲಿ ಕ್ರಿಯಾಪದವೇ ಕೊನೆಗೆ ಬರುವುದರಿಂದ ಈ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ: ಏಟು ನಡುವಿನಲ್ಲಿ ಬಿದ್ದು, ಬಾಲದಲ್ಲಿ ಬರೀ ಪ್ರತ್ಯಯ ಉಳಿಯುತ್ತದೆ. ಅದೃಷ್ಟಕ್ಕೆ ಆಡುಮಾತು ಈ ಕ್ರಮಕ್ಕೆ ಜೋತುಬಿದ್ದಿಲ್ಲ. 'ಬಂದಿದ್ದು ಯಾರು ಅವನಾ?' ಎಂದು ದಿನವೂ ಕೇಳುತ್ತೇವೆ. ಕ್ರಿಯೆಯನ್ನು 'ಬಯಲಾಗಿದ್ದು' ಎಂದು ಮುಂದಕ್ಕೆ ತಂದರೆ ಕೊನೆಯ ಜಾಗ ಖಾಲಿಯಾಗುತ್ತದೆ, ಅಲ್ಲಿಗೆ ನಮಗೆ ಬೇಕಾದ ಪದವನ್ನು ತಂದು ಕೂರಿಸಬಹುದು.

ಎರಡನೇ ತಿದ್ದುಪಡಿ 'ಬಣ್ಣ' ಪದವನ್ನು ಕೊನೆಯ ಸಾಲಿನಿಂದ ತೆಗೆದದ್ದು. ಅದು ಮೂರನೇ ಸಾಲಿನಲ್ಲಿ ಒಮ್ಮೆ ಗೋಡೆಯ ಬಣ್ಣವಾಗಿ, ಯಾವ ಸುಳಿವೂ ಕೊಡದೆ ಬಂದು ಹೋಗುತ್ತದೆ. ನಾಲ್ಕನೇ ಸಾಲು ಅದನ್ನು ಹೆಸರಿಸದೆ ಮುಗಿಯುತ್ತದೆ, ಗಾದೆಯಂಥ ಆ ಮಾತನ್ನು ಕೇಳುಗನೇ ಪೂರ್ತಿ ಮಾಡಿಕೊಳ್ಳುತ್ತಾನೆ. 'ಬಯಲಾಗಿದ್' ಆರು ಮಾತ್ರೆ, ಕೊನೆಯ ಉಕಾರವನ್ನು ನುಂಗಿದ್ದೇನೆ. 'ಮನೇದಲ್ಲ' ಇನ್ನಾರು. ಹದಿಮೂರನೇ ಮನೆಯಲ್ಲಿ, ಹಿಂದೆ 'ಮುಚ್ಚು' ಬಿದ್ದ ಅದೇ ಪೆಟ್ಟಿಗೆ 'ನಿಮ್ದು'. ಅದಾದ ಮೇಲೆ ಒಂದು ಬಾರ್ ಏನೂ ಹೇಳುವುದಿಲ್ಲ, ಬೀಟನ್ನೂ ನಿಲ್ಲಿಸುತ್ತೇನೆ. ಪಂಚ್ ಸರಿಯಾಗಿದೆಯೇ ಎಂದು ನೋಡಲು ಜನ ನಕ್ಕರೇ ಎಂಬುದು ಸಾಲದು, ಯಾವಾಗ ನಕ್ಕರು ಎಂದು ನೋಡಬೇಕು. 'ನಿಮ್ದು'ವಿಗೆ ಮೊದಲೇ ನಕ್ಕರೆ ಗುಟ್ಟು ಮೂರನೇ ಸಾಲಿನಲ್ಲೇ ಬಿಟ್ಟುಕೊಟ್ಟಿದ್ದೇನೆ ಎಂದರ್ಥ. ಮುಂದಿನ ಸಾಲು ಶುರುವಾದ ಮೇಲೆ ನಕ್ಕರೆ ತೀರಾ ಆಳಕ್ಕೆ ಹೂತಿದ್ದೇನೆ. ಮೌನದ ಆ ಬಾರ್‌ನೊಳಗೇ ನಗು ಬರಬೇಕು.

ವೇಗದ ಬಗ್ಗೆ ಒಂದು ಮಾತು. ಬೀಟ್ ಬದಲಿಸದೆ ವೇಗ ಬದಲಿಸಲು ಕನ್ನಡದಲ್ಲಿ ಸುಲಭದ ದಾರಿಯಿದೆ, ಗುರುಗಳನ್ನು ತೆಗೆಯುವುದು. ಈ ನಾಲ್ಕು ಸಾಲಿಗೆ ಮುನ್ನ ನಾನು ಹೇಳುವುದು 'ಬಿಸಿಲಲಿ ಮಳೆಯಲಿ ಹುಡುಕಿದ ಮನೆಯಿದು' ಎಂದು. ಹದಿನಾರೂ ಲಘು, ಸೆಕೆಂಡಿಗೆ ಆರು ಅಕ್ಷರ. ಅದರ ಬೆನ್ನಿಗೆ ಬರುವ 'ಬಾಕಿ ದುಡ್ಡು' ಸಾಲಿನಲ್ಲಿ ಹತ್ತೇ ಅಕ್ಷರ, ಬ್ರೇಕ್ ಹಾಕಿದಂತೆ ಕೇಳಿಸುತ್ತದೆ. ಇನ್ನೂ ಹೆಚ್ಚು ವೇಗ ಬೇಕೆಂದು ಒತ್ತಕ್ಷರದ ಪದಗಳನ್ನು ಓಡಿಸಲು ಹೋದರೆ ನಾಲಿಗೆ ದ್ವಿತ್ವವನ್ನು ನುಂಗಿ ದುಡ್ಡು 'ದುಡು' ಆಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಸಾಹಿತ್ಯ ಗೊತ್ತಿಲ್ಲದವರಿಗೆ ಕೇಳಿಸಿದರೆ ಎಲ್ಲಿ ನುಂಗಿದ್ದೀರಿ ಎಂಬುದನ್ನು ಅವರೇ ಹೇಳುತ್ತಾರೆ.

ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ಈ ಸಾಲು ಹಿಡಿಸಿತು, ಆದರೆ ಅವನ ಬಾಯಿಗೆ ಒಗ್ಗಲಿಲ್ಲ. ದುಡ್ಡು ಅಂದರೆ ಓನರ್ ಹೆದರಂಗಿಲ್ಲ, ರೊಕ್ಕ ಅನ್ನಬೇಕು ಎಂಬುದು ಅವನ ವಾದ. ರೊಕ್ಕ ಬಂದ ಕೂಡಲೇ ನನ್ನ ಪ್ರಾಸದ ಪಟ್ಟಿಯೆಲ್ಲ ಕೆಲಸಕ್ಕೆ ಬಾರದಾಯಿತು, ಬದಲಿಗೆ ನನಗೆ ಸಿಗದ ಚೊಕ್ಕ ಪ್ರಾಸ ಅವನಿಗೆ ಸಿಕ್ಕಿತು: 'ಬಾಕಿ ರೊಕ್ಕ ಕೇಳಿದ್ರ ಆಸ್ತಿ ಸೊಕ್ಕ.' ಎಣಿಸಿದೆ, ಹದಿನೇಳು ಮಾತ್ರೆ. ಹಿಡಿಸುವುದಿಲ್ಲ ಅಂದೆ. ಅವನು ಬೀಟ್ ಶುರುವಾಗುವ ಎರಡು ಮನೆ ಮೊದಲೇ 'ಬಾ' ಎಂದು ಬಾಯಿ ತೆಗೆದ. 'ಕೇ' ಎರಡನೇ ಪೆಟ್ಟಿಗೆ ಬಂತು, 'ಸೊಕ್ಕ' ಸರಿಯಾಗಿ ನಾಲ್ಕನೆಯದಕ್ಕೆ.